ಬದುವಿನ ರಾಗಿ ಏಕೆ ಏಳಲಿಲ್ಲ: ನೀಲಗಿರಿ ಮತ್ತು ಕಾಂಗ್ರೆಸ್ ಗಿಡವನ್ನು ಪರೀಕ್ಷಿಸಿದ ನನ್ನ ಅನುಭವ

ಕೋಲಾರ ಜಿಲ್ಲೆಯಲ್ಲಿರುವ ನಮ್ಮ ಕೆಂಪು ಮಣ್ಣಿನ ಹೊಲದ ಪಡುವಣ ಬದುವಿಗೆ ಅಂಟಿಕೊಂಡು ಪಕ್ಕದವರ ನೀಲಗಿರಿ ತೋಪಿದೆ. ಬದುವಿನಿಂದ ಸುಮಾರು ಮೂವತ್ತು ಅಡಿಯವರೆಗೆ ನಮ್ಮ ರಾಗಿ ಮೊಳಕಾಲುದ್ದವೂ ಬೆಳೆಯುತ್ತಿರಲಿಲ್ಲ. ಹೊಲದ ಇನ್ನೊಂದು ತುದಿಯಲ್ಲಿ ಬೀಳು ಬಿಟ್ಟಿದ್ದ ಹತ್ತು ಗುಂಟೆಯಲ್ಲಿ ಕಾಂಗ್ರೆಸ್ ಗಿಡ, ಅಂದರೆ ಪಾರ್ಥೇನಿಯಂ, ಸೊಂಟದೆತ್ತರ ಎದ್ದಿತ್ತು. ಅದನ್ನು ಹಸಿಯಾಗಿಯೇ ಉತ್ತು, ಮೂರನೆಯ ದಿನ ಬಿತ್ತಿದ ಕಡೆ ರಾಗಿ ಅಲ್ಲೊಂದು ಇಲ್ಲೊಂದು ಹುಟ್ಟಿತು. "ಆ ಗಿಡ ನೆಲಕ್ಕೆ ವಿಷ ಬಿಡ್ತದಪ್ಪಾ, ಅಲ್ಲೇನೂ ಏಳಲ್ಲ" ಎಂದು ಊರಿನ ಹಿರಿಯರೊಬ್ಬರು ಎರಡಕ್ಕೂ ಒಂದೇ ಕಾರಣ ಹೇಳಿದರು. ಪದವಿಯಲ್ಲಿ ಸಸ್ಯಶಾಸ್ತ್ರ ಓದಿದ್ದ ನನಗೆ ಅವರ ಮಾತು ಸುಳ್ಳೆನ್ನಿಸಲಿಲ್ಲ, ಆದರೆ ಎರಡೂ ಕಡೆ ಅದೇ ಕಾರಣವಿರಬೇಕೆಂದೂ ಅನ್ನಿಸಲಿಲ್ಲ.

ಒಂದು ಗಿಡ ತನ್ನ ಎಲೆ, ಬೇರು ಅಥವಾ ಕೊಳೆಯುವ ಕಸದಿಂದ ಹೊರಬಿಡುವ ರಾಸಾಯನಿಕಗಳಿಂದ ನೆರೆಯ ಗಿಡದ ಬೆಳವಣಿಗೆಯನ್ನು ಪ್ರಭಾವಿಸುವುದಕ್ಕೆ 1937ರಲ್ಲಿ ಸಸ್ಯಶಾಸ್ತ್ರಜ್ಞ ಹ್ಯಾನ್ಸ್ ಮೋಲಿಶ್ ಅಲೆಲೋಪತಿ ಎಂಬ ಹೆಸರು ಕೊಟ್ಟರು. ನೀಲಗಿರಿ ಎಲೆಯಲ್ಲಿ ಸಿನಿಯೋಲ್‌ನಂತಹ ಎಣ್ಣೆಗಳೂ ಫೀನಾಲಿಕ್ ಆಮ್ಲಗಳೂ ಇವೆ. ಪಾರ್ಥೇನಿಯಂ ಎಲೆಯ ಮೇಲಿನ ಸಣ್ಣ ರೋಮಗಳಲ್ಲಿ ಪಾರ್ಥೆನಿನ್ ಎಂಬ ಕಹಿವಸ್ತು ತುಂಬಿರುತ್ತದೆ. ಆದರೆ ಎಲೆಯಲ್ಲಿ ವಿಷವಿದೆ ಎಂಬುದು ಒಂದು ಮಾತು, ಹೊಲದಲ್ಲಿ ಪೈರನ್ನು ಕುಗ್ಗಿಸಿದ್ದು ಅದೇ ವಿಷ ಎಂಬುದು ಬೇರೆಯೇ ಮಾತು. ಕ್ಯಾಲಿಫೋರ್ನಿಯಾದಲ್ಲಿ ಸುವಾಸನೆಯ ಪೊದೆಗಳ ಸುತ್ತ ಹುಲ್ಲು ಬೆಳೆಯದ ಬೋಳು ಪಟ್ಟಿಗೆ ಆ ಪೊದೆಗಳ ಎಣ್ಣೆಯೇ ಕಾರಣವೆಂದು 1964ರಲ್ಲಿ ಮುಲ್ಲರ್ ಮತ್ತು ಸಂಗಡಿಗರು ವಾದಿಸಿದ್ದರು. 1970ರಲ್ಲಿ ಬಾರ್ತೊಲೊಮ್ಯೂ ಅದೇ ಬಗೆಯ ಪಟ್ಟಿಗಳಲ್ಲಿ ತಂತಿಬಲೆಯ ಪಂಜರವಿಟ್ಟು ಇಲಿ, ಮೊಲಗಳನ್ನು ತಡೆದಾಗ ಅಲ್ಲಿ ಹುಲ್ಲು ಬೆಳೆಯಿತು. ಈ ಪ್ರಸಂಗವನ್ನು ಓದಿದ್ದರಿಂದಲೇ, ಬರಿಯ ಎಲೆಯ ರಸ ಹಿಂಡಿ ಬೀಜದ ಮೇಲೆ ಸುರಿದು ತೀರ್ಮಾನಕ್ಕೆ ಬರಬಾರದೆಂದು ನಾನು ನಿರ್ಧರಿಸಿದ್ದೆ.

ಪರೀಕ್ಷೆಯನ್ನು ಮನೆಯ ಜಗಲಿಯಲ್ಲಿಯೇ ಮಾಡಿದೆ. ಕೈಗವಸು ಹಾಕಿಕೊಂಡು, ಹೂ ಬಿಡುವ ಮೊದಲಿನ ಪಾರ್ಥೇನಿಯಂ ಎಲೆಯನ್ನು ಕತ್ತರಿಸಿ, ನೂರು ಗ್ರಾಂ ಎಲೆಯನ್ನು ಒಂದು ಲೀಟರ್ ಮಳೆನೀರಿನಲ್ಲಿ ಇಪ್ಪತ್ನಾಲ್ಕು ಗಂಟೆ ನೆನೆಸಿ ಬಟ್ಟೆಯಲ್ಲಿ ಸೋಸಿದೆ. ನಮ್ಮ ಕೊಳವೆಬಾವಿಯ ನೀರಿನಲ್ಲಿಯೇ ಉಪ್ಪಿನಂಶ ಹೆಚ್ಚಿರುವುದರಿಂದ ಮಳೆನೀರನ್ನೇ ಬಳಸಬೇಕಾಯಿತು. ನೀಲಗಿರಿಗೆ ಹಸಿರೆಲೆಯನ್ನು ಬಳಸಲಿಲ್ಲ, ಏಕೆಂದರೆ ನಮ್ಮ ಹೊಲಕ್ಕೆ ಬೀಳುವುದು ಒಣಗಿದ ತರಗೆಲೆ. ಅದನ್ನು ಲೀಟರಿಗೆ ಐವತ್ತು ಗ್ರಾಂನಂತೆ, ಜಜ್ಜದೆ, ಇಡಿಯಾಗಿಯೇ ನೆನೆಸಿದೆ. ಎಲೆಯನ್ನು ರುಬ್ಬಿದರೆ ಮಳೆಯಿಂದ ಎಂದೂ ಹೊರಬಾರದ ವಸ್ತುಗಳೂ ಹೊರಬಂದು ಫಲಿತಾಂಶ ಉತ್ಪ್ರೇಕ್ಷೆಯಾಗುತ್ತದೆ. ಪ್ರತಿ ದ್ರಾವಣಕ್ಕೆ ನಾಲ್ಕು ತಟ್ಟೆ, ತಟ್ಟೆಗೆ ಇಪ್ಪತ್ತೈದು ರಾಗಿ ಕಾಳು, ಅಡಿಯಲ್ಲಿ ಸೋಸುಕಾಗದ.

ಇಲ್ಲಿ ಸುಲಭವಾಗಿ ತಪ್ಪುವ ಒಂದು ಅಂಶವಿದೆ. ಎಲೆ ನೆನೆಸಿದ ನೀರಿನಲ್ಲಿ ಪೊಟ್ಯಾಷ್ ಮೊದಲಾದ ಲವಣಗಳೂ ಕರಗಿರುತ್ತವೆ, ಆ ಉಪ್ಪಿನಿಂದಲೇ ಬೀಜ ನೀರು ಹೀರಲಾರದೆ ಹಿಂದೆ ಬೀಳಬಹುದು. ಹನಿ ನೀರಾವರಿಯ ಗೊಬ್ಬರದ ನೀರು ಅಳೆಯಲು ಇಟ್ಟುಕೊಂಡಿದ್ದ, ನೀರಿನ ವಿದ್ಯುತ್ ವಾಹಕತೆಯಿಂದ ಕರಗಿದ ಲವಣದ ಅಂದಾಜು ಕೊಡುವ ಇ.ಸಿ. ಮೀಟರಿನಿಂದ ಪಾರ್ಥೇನಿಯಂ ನೀರನ್ನು ಅಳೆದು, ಅಷ್ಟೇ ಇ.ಸಿ. ಬರುವಂತೆ ಅಡುಗೆ ಉಪ್ಪು ಕರಗಿಸಿದ ಮಳೆನೀರನ್ನು ಇನ್ನೊಂದು ಸಾಲು ತಟ್ಟೆಗಳಿಗೆ ಹಾಕಿದೆ. ಮತ್ತೊಂದು ಸಾಲಿಗೆ, ನೀರಿನ ಫಿಲ್ಟರಿಗೆ ಬಳಸುವ ಆಕ್ಟಿವೇಟೆಡ್ ಇದ್ದಿಲನ್ನು ಪುಡಿ ಮಾಡಿ ಪಾರ್ಥೇನಿಯಂ ನೀರಿನಲ್ಲಿ ಒಂದು ರಾತ್ರಿ ಬಿಟ್ಟು ಸೋಸಿದ ನೀರು. ಈ ಇದ್ದಿಲು ಪಾರ್ಥೆನಿನ್, ಫೀನಾಲಿಕ್‌ಗಳಂತಹ ವಸ್ತುಗಳನ್ನು ಹಿಡಿದುಕೊಳ್ಳುತ್ತದೆ, ಲವಣಗಳನ್ನು ಬಹುಮಟ್ಟಿಗೆ ಹಾಗೆಯೇ ಬಿಡುತ್ತದೆ.

ಐದನೆಯ ದಿನ ಎಣಿಸಿದಾಗ ಮಳೆನೀರಿನ ನೂರು ಕಾಳುಗಳಲ್ಲಿ 93 ಮೊಳೆತಿದ್ದವು, ಉಪ್ಪುನೀರಿನಲ್ಲಿ 89, ಪಾರ್ಥೇನಿಯಂ ನೀರಿನಲ್ಲಿ 31, ಇದ್ದಿಲು ಹಾಕಿ ಸೋಸಿದ ಪಾರ್ಥೇನಿಯಂ ನೀರಿನಲ್ಲಿ 84. ನೀಲಗಿರಿ ತರಗೆಲೆಯ ನೀರಿನಲ್ಲಿ 80. ಆದರೆ ಎಣಿಕೆಗಿಂತ ಬೇರು ಹೆಚ್ಚು ಹೇಳಿತು. ಮಳೆನೀರಿನ ಮೊಳಕೆಯ ಬೇರು ಬೆಳ್ಳಗೆ, ಭೂತಗನ್ನಡಿಯಲ್ಲಿ ನೋಡಿದರೆ ಹತ್ತಿಯ ನೂಲಿನ ಮೇಲಿನ ತುಪ್ಪುಳದಂತೆ ಬೇರುರೋಮ ಹೊದ್ದುಕೊಂಡಿತ್ತು. ಪಾರ್ಥೇನಿಯಂ ನೀರಿನಲ್ಲಿ ಮೊಳೆತವುಗಳ ಬೇರು ಅಕ್ಕಿಕಾಳಿನಷ್ಟೇ ಉದ್ದ, ತುದಿ ಕಂದು, ರೋಮ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಇಂತಹ ಸಸಿ ತಟ್ಟೆಯ ಲೆಕ್ಕದಲ್ಲಿ 'ಮೊಳೆತದ್ದು' ಎಂದೇ ಸೇರುತ್ತದೆ, ಹೊಲದಲ್ಲಿ ಮಾತ್ರ ಎರಡು ದಿನದ ಬಿಸಿಲಿಗೆ ಸಾಯುತ್ತದೆ. ಆದ್ದರಿಂದ ಬೇರಿನ ಉದ್ದ ಅಳೆಯದ ಪರೀಕ್ಷೆಯನ್ನು ನಾನು ಈಗ ನಂಬುವುದಿಲ್ಲ.

ತಟ್ಟೆಯಲ್ಲಿ ಮಣ್ಣಿಲ್ಲ ಎಂಬುದು ಈ ವಿಧಾನದ ದೊಡ್ಡ ಮಿತಿ. ಮಣ್ಣಿನ ಜೇಡಿ ಮತ್ತು ಸಾವಯವ ಅಂಶ ಈ ವಸ್ತುಗಳನ್ನು ಹಿಡಿಯುತ್ತವೆ, ಸೂಕ್ಷ್ಮಜೀವಿಗಳು ಒಡೆಯುತ್ತವೆ. ಅದಕ್ಕಾಗಿ ನಮ್ಮದೇ ಹೊಲದ ಮಣ್ಣು ತುಂಬಿದ ಕುಂಡಗಳಲ್ಲಿ ಹಸಿ ಪಾರ್ಥೇನಿಯಂ ಕೊಚ್ಚಿ ಬೆರೆಸಿ, ತೇವ ಆರದಂತೆ ನೋಡಿಕೊಂಡು, ಕೆಲವನ್ನು ಅದೇ ದಿನ, ಕೆಲವನ್ನು ಹತ್ತು ದಿನ, ಕೆಲವನ್ನು ಇಪ್ಪತ್ತು ದಿನ ಬಿಟ್ಟು ಬಿತ್ತಿದೆ. ಅದೇ ದಿನ ಬಿತ್ತಿದ ಕುಂಡಗಳಲ್ಲಿ ಅರ್ಧದಷ್ಟು ರಾಗಿ ಏಳಲಿಲ್ಲ, ಹತ್ತು ದಿನದವುಗಳಲ್ಲಿ ಸ್ವಲ್ಪ ಕೊರತೆ ಉಳಿಯಿತು, ಇಪ್ಪತ್ತು ದಿನದವು ಪಾರ್ಥೇನಿಯಂ ಇಲ್ಲದ ಕುಂಡಗಳಿಗೆ ಸಮನಾದವು. ಹೊಲದಲ್ಲಿ ಆಗಿದ್ದ ತಪ್ಪು ಇದರಿಂದ ಸ್ಪಷ್ಟವಾಯಿತು: ಉತ್ತದ್ದು ತಪ್ಪಲ್ಲ, ಮೂರನೆಯ ದಿನ ಬಿತ್ತಿದ್ದು ತಪ್ಪು.

ನೀಲಗಿರಿಯ ಕಥೆ ಬೇರೆಯಾಯಿತು. ತರಗೆಲೆಯ ನೀರು ಮೊಳಕೆಯನ್ನು ತುಸು ತಡೆದದ್ದು ನಿಜ, ಆದರೆ ಮೂವತ್ತು ಅಡಿಯವರೆಗೆ ಪೈರು ಕುಗ್ಗುವುದಕ್ಕೆ ಅಷ್ಟು ಸಾಲದು. ತರಗೆಲೆ ದಪ್ಪವಾಗಿ ಬೀಳುವುದೇ ಮೊದಲ ಹತ್ತು ಹನ್ನೆರಡು ಅಡಿಯಲ್ಲಿ. ಬದುವಿನುದ್ದಕ್ಕೂ ಪಟ್ಟಿಯನ್ನು ನಾಲ್ಕು ತುಂಡು ಮಾಡಿದೆ. ಒಂದನ್ನು ಇದ್ದಂತೆ ಬಿಟ್ಟೆ. ಎರಡನೆಯದರಲ್ಲಿ ಮುಂಗಾರಿಗೆ ಮುನ್ನ ತರಗೆಲೆ ಗುಡಿಸಿ ತೆಗೆದೆ. ಮೂರನೆಯದರಲ್ಲಿ ನಮ್ಮ ಬದಿಯಲ್ಲಿ ಮೂರಡಿ ಆಳದ ಕಾಲುವೆ ತೋಡಿಸಿ ಬೇರು ಕತ್ತರಿಸಿದೆ. ನಾಲ್ಕನೆಯದರಲ್ಲಿ ಎರಡನ್ನೂ ಮಾಡಿದೆ. ಗುಡಿಸಿದ ತುಂಡಿನಲ್ಲಿ ಬದುವಿನ ಹತ್ತಿರ ರಾಗಿ ಚೆನ್ನಾಗಿಯೇ ಹುಟ್ಟಿ, ಮಳೆ ಎರಡು ವಾರ ತಡವಾದಾಗ ಉಳಿದೆಡೆಗಿಂತ ಮೊದಲು ಸುರುಳಿ ಸುತ್ತಿ ಕುಗ್ಗಿತು. ಕಾಲುವೆ ತೋಡಿದ ತುಂಡಿನಲ್ಲಿ ಮೊದಲ ಸಾಲುಗಳು ತೆಳುವಾಗಿದ್ದರೂ ನಿಂತ ಪೈರು ತೆನೆ ಹಿಡಿಯಿತು. ಎರಡನ್ನೂ ಮಾಡಿದ ಕಡೆ ಬದುವಿನ ಸಾಲಿಗೂ ನಡುಹೊಲಕ್ಕೂ ಕಣ್ಣಿಗೆ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ನಮ್ಮ ಹೊಲದ ಮಟ್ಟಿಗೆ ನೀಲಗಿರಿ ಮುಖ್ಯವಾಗಿ ನೀರು ಕಸಿಯುತ್ತಿತ್ತು, ರಾಸಾಯನಿಕದ ಪಾಲು ಮೊಳಕೆಯ ಹಂತಕ್ಕೂ ತರಗೆಲೆ ಬೀಳುವ ಅಗಲಕ್ಕೂ ಸೀಮಿತವಾಗಿತ್ತು.

ತರಗೆಲೆಯನ್ನು ಹಿಂದೆ ಮಣ್ಣಿಗೆ ಬೆರೆಸಿದ್ದ ಒಂದು ಮೂಲೆಯಲ್ಲಿ ಪೈರು ಹಳದಿಯಾಗಿತ್ತು. ಅದೂ ವಿಷವೇ ಎಂದುಕೊಂಡಿದ್ದೆ. ಸ್ವಲ್ಪ ಯೂರಿಯಾ ಕೊಟ್ಟಾಗ ವಾರದೊಳಗೆ ಹಸಿರಾಯಿತು. ಇಂಗಾಲ ಹೆಚ್ಚಿರುವ ಆ ಎಲೆಯನ್ನು ಕೊಳೆಸುವ ಜೀವಿಗಳು ಮಣ್ಣಿನ ಸಾರಜನಕವನ್ನು ತಾವೇ ಹಿಡಿದಿಟ್ಟುಕೊಂಡಿದ್ದವು.

ಈಗ ನಾನು ಪಾರ್ಥೇನಿಯಂ ಅನ್ನು ಹೂ ಬಿಡುವ ಮೊದಲೇ ಕಿತ್ತು ಗುಂಡಿಯಲ್ಲಿ ಸಗಣಿಯೊಂದಿಗೆ ಕೊಳೆಸುತ್ತೇನೆ. ಉಳುವುದು ಅನಿವಾರ್ಯವಾದರೆ ಮಣ್ಣು ತೇವವಿದ್ದಾಗ ಉತ್ತು ಮೂರು ವಾರ ಕಾಯುತ್ತೇನೆ. ಮಣ್ಣು ಒಣಗಿದ್ದರೆ ಸೂಕ್ಷ್ಮಜೀವಿಗಳ ಕೆಲಸ ನಿಧಾನವಾಗುವುದರಿಂದ ಆ ಮೂರು ವಾರವನ್ನು ಮಳೆ ಬಿದ್ದ ದಿನದಿಂದ ಎಣಿಸುತ್ತೇನೆ. ಬಿತ್ತುವ ಮುನ್ನ ಹೊಲದ ಒಂದು ಬೊಗಸೆ ಮಣ್ಣಿನಲ್ಲಿ ಇಪ್ಪತ್ತೈದು ಕಾಳು ಹಾಕಿ, ನಾಲ್ಕನೆಯ ದಿನ ಕಿತ್ತು ಬೇರಿನ ತುದಿ ಬೆಳ್ಳಗಿದೆಯೇ ಎಂದು ನೋಡುತ್ತೇನೆ. ಬದುವಿನ ಕಾಲುವೆಯನ್ನು ಎರಡು ವರ್ಷಕ್ಕೊಮ್ಮೆ ಮತ್ತೆ ತೋಡಿಸಬೇಕಾಗಿದೆ, ಏಕೆಂದರೆ ಅದು ತುಂಬಿಕೊಂಡಷ್ಟೂ ಬೇರುಗಳು ಅದರೊಳಗಿನಿಂದಲೇ ದಾಟಿ ಬರುತ್ತವೆ.