ಖಾಲಿ ತೂಕದ ಯಂತ್ರ ಕುಣಿಯುತ್ತಿದೆಯೇ? ಚಿಪ್‌ನ ಕಾರ್ನರ್ ಹುಡುಕಿ

ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರು 50 ಕೆಜಿಯ ಎಲೆಕ್ಟ್ರಾನಿಕ್ ತೂಕದ ಯಂತ್ರವನ್ನು ಹುಬ್ಬಳ್ಳಿಯ ನನ್ನ ಅಂಗಡಿಗೆ ತಂದರು. "ಮ್ಯಾಲೆ ಏನೂ ಇಟ್ಟಿಲ್ರಿ, ಆದ್ರೂ ಏಳು ಗ್ರಾಂ ಕುಣೀತದ" ಎಂದರು. ಲೋಡ್ ಸೆಲ್ ಸರಿಯಾಗಿಯೇ ಇತ್ತು. 5 ವೋಲ್ಟ್ ಕೊಟ್ಟರೆ ಪೂರ್ತಿ 50 ಕೆಜಿಗೆ ಅದರಿಂದ ಬರುವುದು 10 ಮಿಲಿವೋಲ್ಟ್ ಮಾತ್ರ. ಅಂದರೆ ಒಂದು ಗ್ರಾಂಗೆ 0.2 ಮೈಕ್ರೋವೋಲ್ಟ್. ಇಷ್ಟು ಸಣ್ಣ ಸಿಗ್ನಲ್ಲಿಗೆ ಮೊದಲ ಆಂಪ್ಲಿಫೈಯರ್ ಚಿಪ್‌ನ ನಾಯ್ಸೇ ಸಾಕು ಕೆಡಿಸಲು.

ಚಿಪ್‌ನಲ್ಲಿ ಎರಡು ಬಗೆಯ ನಾಯ್ಸ್ ಇರುತ್ತದೆ. ವೈಟ್ ನಾಯ್ಸ್ ಎಲ್ಲ ಫ್ರೀಕ್ವೆನ್ಸಿಯಲ್ಲೂ ಒಂದೇ ಸಮ. ಫ್ಲಿಕರ್ ನಾಯ್ಸ್ ಫ್ರೀಕ್ವೆನ್ಸಿ ಇಳಿದಂತೆ ಏರುತ್ತದೆ. ಎರಡರ ಪವರ್ ಸಮವಾಗುವ ಜಾಗವೇ ಕಾರ್ನರ್. ತೂಕ ನಿಧಾನದ ಸಿಗ್ನಲ್, ಕಾರ್ನರ್‌ಗಿಂತ ಎಷ್ಟೋ ಕೆಳಗೆ ಇರುತ್ತದೆ.

ಮೊದಲು ಲೋಡ್ ಸೆಲ್ ಬಿಚ್ಚಿ. ಎರಡು ಇನ್‌ಪುಟ್‌ಗಳ ನಡುವೆ 350 ಓಮ್ ರೆಸಿಸ್ಟರ್ ಹಾಕಿ, ಅವನ್ನು ಸಪ್ಲೈಯ ಅರ್ಧ ವೋಲ್ಟೇಜಿಗೆ ಕಟ್ಟಿ. ಬೋರ್ಡಿನ ಫಿಲ್ಟರ್ ಕೆಪಾಸಿಟರ್ ತೆಗೆಯಿರಿ. ಗೇನ್ 1000 ಇರಲಿ, 2 ಕಿಲೋಹರ್ಟ್ಸ್‌ವರೆಗೂ ಇಳಿಯಬಾರದು.

ಆಮೇಲೆ ಬೋರ್ಡನ್ನು ಡಬ್ಬಿಯಲ್ಲಿಟ್ಟು ಮುಚ್ಚಿ. ಇದನ್ನು ಜಾಸ್ತಿ ಜನ ಬಿಟ್ಟುಬಿಡುತ್ತಾರೆ. ಫ್ಯಾನ್ ಗಾಳಿ ತಾಗಿದರೆ ಬೆಸುಗೆಯ ಕೂಡುಗಳ ಬಿಸಿ ಏರಿಳಿದು ಮೈಕ್ರೋವೋಲ್ಟ್‌ಗಟ್ಟಲೆ ವೋಲ್ಟೇಜ್ ಹುಟ್ಟುತ್ತದೆ, ನೋಡಲು ಫ್ಲಿಕರ್‌ನ ಹಾಗೆಯೇ ಇರುತ್ತದೆ. ಮುಚ್ಚಿದಾಗ ಓಲಾಟ ನಿಂತರೆ ತಪ್ಪು ಚಿಪ್‌ನದ್ದಲ್ಲ.

ಈಗ ಔಟ್‌ಪುಟ್ ರೆಕಾರ್ಡ್ ಮಾಡಿ ಸ್ಪೆಕ್ಟ್ರಮ್ ತೆಗೆಯಿರಿ. 50, 100, 150 ಹರ್ಟ್ಸ್‌ನ ಮೊನೆಗಳು ಕರೆಂಟಿನವು, ಬಿಟ್ಟುಬಿಡಿ. ಗೇನ್‌ನಿಂದ ಭಾಗಿಸಿದಾಗ ನನಗೆ 2 ಕಿಲೋಹರ್ಟ್ಸ್ ಬಳಿ 10, 10 ಹರ್ಟ್ಸ್‌ನಲ್ಲಿ 33 ಸಿಕ್ಕಿತು. ಎರಡೂ `nV/√Hz` ಲೆಕ್ಕ. ಕಾರ್ನರ್ `fc` ಹುಡುಕುವ ಸೂತ್ರ ಇಷ್ಟೇ:

```
fc = 10 × ((33/10)² − 1) ≈ 100 Hz
```

ಇದರಿಂದ ಓಲಾಟವನ್ನೂ ಹೇಳಬಹುದು. 0.1ರಿಂದ 10 ಹರ್ಟ್ಸ್‌ವರೆಗೆ:

```
10 × √(9.9 + 100 × ln 100) ≈ 217 nV rms
```

ತುದಿಯಿಂದ ತುದಿಗೆ ಸುಮಾರು 6.6 ಪಟ್ಟು ಹಿಡಿದರೆ 1.4 ಮೈಕ್ರೋವೋಲ್ಟ್, ಅಂದರೆ 7 ಗ್ರಾಂ. ವ್ಯಾಪಾರಿ ಹೇಳಿದ್ದೂ ಅಷ್ಟೇ ಅಲ್ವಾ? ಬರೀ ವೈಟ್ ನಾಯ್ಸ್ ಆಗಿದ್ದರೆ ಸುಮಾರು 1 ಗ್ರಾಂ ಅಷ್ಟೇ ಇರುತ್ತಿತ್ತು.

ಸುಮ್ನೆ ಸರಾಸರಿ ಸಮಯ ಹೆಚ್ಚಿಸಿದರೆ ವೈಟ್ ನಾಯ್ಸ್ ತಗ್ಗುತ್ತದೆ, ಫ್ಲಿಕರ್ ಹಾಗಲ್ಲ. 1ರಿಂದ 10 ಹರ್ಟ್ಸ್‌ನಲ್ಲಿ ಎಷ್ಟೋ 0.1ರಿಂದ 1ರಲ್ಲೂ ಅಷ್ಟೇ, ಅದಕ್ಕೂ ಕೆಳಗೆ ಮತ್ತೆ ಅಷ್ಟೇ. ಹೆಚ್ಚು ಹೊತ್ತು ಕಾದಷ್ಟೂ ಹೊಸ ನಿಧಾನದ ಓಲಾಟ ಸೇರುತ್ತಾ ಹೋಗುತ್ತದೆ.

ನಾನು ಚಾಪರ್ ಬಗೆಯ ಚಿಪ್ ಹಾಕಿದೆ. ಅದು ಒಳಗೇ ಸಿಗ್ನಲ್ಲನ್ನು ಮೇಲಿನ ಫ್ರೀಕ್ವೆನ್ಸಿಗೆ ಒಯ್ದು ಹಿಗ್ಗಿಸಿ ವಾಪಸ್ ತರುತ್ತದೆ, ಫ್ಲಿಕರ್ ಹೊರಗೆ ಉಳಿಯುತ್ತದೆ. ಅದರ ವೈಟ್ ನಾಯ್ಸ್ ಹಳೆಯದರ ಎರಡು ಪಟ್ಟು, ಆದರೂ ಓಲಾಟ 2 ಗ್ರಾಂಗೆ ಇಳಿಯಿತು. ಸ್ವಿಚಿಂಗ್‌ನಿಂದ ಇನ್‌ಪುಟ್‌ಗೆ ಸಣ್ಣ ಕರೆಂಟ್ ನುಗ್ಗುತ್ತದೆ. ಸೆನ್ಸರ್ 350 ಓಮ್ ಇದ್ದಾಗ ಅದು ಕಾಣುವುದೇ ಇಲ್ಲ. ಮೆಗಾಓಮ್ ಸೆನ್ಸರ್ ಆದರೆ ಈ ಚಿಪ್ ಬೇಡ.