ಪೂರಕ ಬದಿಗಿಟ್ಟು ರೇಚಕದಿಂದ ಶುರು ಮಾಡಿದೆ: ಆತಂಕದವರ ಬ್ಯಾಚಿನ ನನ್ನ ಅನುಭವ

ಆತಂಕ ಇರುವವರಿಗೆ "ದೀರ್ಘವಾಗಿ ಉಸಿರು ಎಳ್ಕೊಳ್ಳಿ" ಎಂದು ಹೇಳುವುದನ್ನು ನಾನು ಬಿಟ್ಟು ಐದಾರು ವರ್ಷ ಆಯಿತು. ದಾವಣಗೆರೆಯಲ್ಲಿ ಯೋಗ ಕಲಿಸುವ ನಾವು ಕೆಲವರು ಆಗಾಗ ಸೇರುತ್ತೇವೆ. ಅಲ್ಲಿ ಇದನ್ನು ಹೇಳಿದ ದಿನ ಎಲ್ಲರೂ ನಕ್ಕಿದ್ದರು. "ಎಳ್ಕೊಳ್ಳೋದೇ ಬ್ಯಾಡ ಅಂದ್ರೆ ಅದ್ಯಾವ ಪ್ರಾಣಾಯಾಮ ರೀ ಮೇಷ್ಟ್ರೇ?" ಎಂದರು ಒಬ್ಬರು. ಈಗ ಅವರೇ ತಮ್ಮ ಬ್ಯಾಚಿನಲ್ಲಿ ಯಾರಿಗಾದರೂ ಗಾಬರಿ ಜಾಸ್ತಿ ಇದ್ದರೆ ನನ್ನ ಹತ್ತಿರ ಕಳಿಸುತ್ತಾರೆ. ಸ್ವಲ್ಪ ಹೆಮ್ಮೆ ಇದೆ, ಇಲ್ಲ ಅನ್ನಲ್ಲ.

ಇದನ್ನು ಓದುವ ನೀವೂ ತರಗತಿ ನಡೆಸುವವರೇ. ನಾಡಿಶುದ್ಧಿ ಹೇಗೆ ಮಾಡುವುದು ಅಂತ ಹೇಳುತ್ತಾ ಕೂರುವುದಿಲ್ಲ. ಆತಂಕದವರಲ್ಲಿ ಅದು ಎಲ್ಲಿ ಕೆಡುತ್ತದೆ ಎನ್ನುವುದಷ್ಟೇ ನನ್ನ ವಿಷಯ.

ನಾವೆಲ್ಲ ಶಿಬಿರದಲ್ಲಿ ಕಲಿತು ಬಂದ ಕ್ರಮ ಒಂದೇ ತಾನೇ? ಕಪಾಲಭಾತಿ, ಭಸ್ತ್ರಿಕಾ, ಆಮೇಲೆ ಕುಂಭಕ ಸೇರಿಸಿ ನಾಡಿಶುದ್ಧಿ, ಕೊನೆಗೆ ಕಣ್ಣು ಮುಚ್ಚಿ ಶವಾಸನ. ನಾನೂ ವರ್ಷಗಟ್ಟಲೆ ಅದನ್ನೇ ಮಾಡಿಸಿದೆ. ಮಂಡಿ ನೋವಿನವರು, ತೂಕ ಇಳಿಸುವವರು ಖುಷಿಯಾಗಿದ್ದರು. ಆತಂಕ ಅಂತ ಬಂದವರು ಮಾತ್ರ ಎರಡನೇ ವಾರಕ್ಕೆ ಕಾಣೆಯಾಗುತ್ತಿದ್ದರು. ಫೋನ್ ಮಾಡಿ ಕೇಳಿದರೆ ಎಲ್ಲರದ್ದೂ ಹೆಚ್ಚುಕಡಿಮೆ ಒಂದೇ ದೂರು. ಬೆರಳ ತುದಿ ಜುಮುಜುಮು ಅನ್ನುತ್ತದೆ, ತುಟಿ ಸುತ್ತ ಜೋಮು ಹಿಡಿಯುತ್ತದೆ, ತಲೆ ಹಗುರಾಗಿ ತಿರುಗುತ್ತದೆ, ಎದೆ ಡವಡವ ಅನ್ನುತ್ತದೆ.

ಶಿಬಿರಗಳಲ್ಲಿ ಇದಕ್ಕೆ ಕೊಡುವ ಉತ್ತರ ಗೊತ್ತಲ್ಲ, "ಪ್ರಾಣ ಸಂಚಾರ ಆಗ್ತಿದೆ, ಶುದ್ಧಿ ಆಗ್ತಿದೆ, ಮುಂದುವರಿಸಿ". ನಿಜ ಸಂಗತಿ ಬೇರೆ. ದೇಹಕ್ಕೆ ಬೇಕಾದ್ದಕ್ಕಿಂತ ಜಾಸ್ತಿ ಗಾಳಿ ಆಡಿಸಿದರೆ ರಕ್ತದಲ್ಲಿರುವ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗುತ್ತದೆ. ಆಗ ಮೆದುಳಿನ ರಕ್ತನಾಳಗಳು ಕಿರಿದಾಗುತ್ತವೆ. ತಲೆ ತಿರುಗುವುದು ಅದಕ್ಕೆ, ಜೋಮು ಬರುವುದೂ ಈ ಏರುಪೇರಿನಿಂದಲೇ. ಪ್ಯಾನಿಕ್ ಬಂದಾಗ ಆಗುವುದೂ ಇದೇ ತಾನೇ? ಯಾವ ಲಕ್ಷಣಕ್ಕೆ ಹೆದರಿ ಅವರು ನಮ್ಮ ಹತ್ತಿರ ಬಂದರೋ ಅದನ್ನೇ ದುಡ್ಡು ತಗೊಂಡು ದಿನಾ ಬರಿಸುತ್ತಿದ್ದೇವೆ. ಓಡಿ ಹೋಗದೆ ಇನ್ನೇನು ಮಾಡುತ್ತಾರೆ?

"ಉಸಿರು ಎಳೆದಷ್ಟೂ ಆಕ್ಸಿಜನ್ ಜಾಸ್ತಿ" ಅನ್ನುವ ಮಾತನ್ನು ಪರೀಕ್ಷೆ ಮಾಡಿಯೇ ನೋಡಿದೆ. ಕೋವಿಡ್ ಕಾಲದಲ್ಲಿ ಸಾವಿರದ ಚಿಲ್ಲರೆ ಕೊಟ್ಟು ತಂದ ಪಲ್ಸ್ ಆಕ್ಸಿಮೀಟರ್ ಮನೆಯಲ್ಲಿ ಸುಮ್ನೆ ಬಿದ್ದಿತ್ತು. ಬ್ಯಾಚಿನವರ ಬೆರಳಿಗೆ ಹಾಕಿ, ಭಸ್ತ್ರಿಕಾಕ್ಕೆ ಮುಂಚೆ ಒಂದು ಸಲ, ಆಮೇಲೆ ಒಂದು ಸಲ ನೋಡಿದೆ. ಮುಂಚೆ 97, 98. ಆಮೇಲೆ 98, 99. ಆರೋಗ್ಯವಂತರ ರಕ್ತದಲ್ಲಿ ಆಕ್ಸಿಜನ್ ಮೊದಲೇ ತುಂಬಿರುತ್ತದೆ, ಇನ್ನು ತುಂಬಿಸಲು ಜಾಗ ಎಲ್ಲಿ? ಆವತ್ತಿನಿಂದ ಆ ವಾಕ್ಯ ನನ್ನ ಬೋರ್ಡಿನಿಂದಲೂ ಹೋಯಿತು, ಪಾಂಪ್ಲೆಟ್‌ನಿಂದಲೂ ಹೋಯಿತು.

ಆಮೇಲೆ ಸಂಜೆ ಆರೂವರೆಗೆ ಆತಂಕದವರಿಗೇ ಅಂತ ಬೇರೆ ಬ್ಯಾಚ್ ಮಾಡಿದೆ. ಹಾಲಿನ ಬಾಡಿಗೆ ಆಗ ಒಂಬತ್ತು ಸಾವಿರದ ಆಸುಪಾಸು. ತಿಂಗಳಿಗೆ ಏಳುನೂರು ಫೀಸು. ಹತ್ತು ಹನ್ನೆರಡು ಜನ ಸೇರಿದರು, ಮೂರು ತಿಂಗಳಲ್ಲಿ ಅರ್ಧ ಖಾಲಿ. ಈ ಸಲ ಗಾಬರಿಯಾಗಿ ಬಿಡಲಿಲ್ಲ, ಬೇಜಾರಾಗಿ ಬಿಟ್ಟರು. "ಬೆವರೇ ಬರಲ್ಲ ಸರ್, ಇದೇನು ಯೋಗ" ಎಂದು ಒಬ್ಬರು ನೇರವಾಗಿಯೇ ಕೇಳಿದರು. ಬೆಳಗಿನ ಸೂರ್ಯ ನಮಸ್ಕಾರದ ಬ್ಯಾಚಿನ ದುಡ್ಡಲ್ಲಿ ಸಂಜೆ ಬ್ಯಾಚನ್ನು ಒಂದು ವರ್ಷ ಸಾಕಿದೆ. ಮನೆಯಲ್ಲಿ ಇದರ ಬಗ್ಗೆ ಮಾತು ಕೇಳಿದ್ದು ಬೇರೆ ಕಥೆ.

ಆ ವರ್ಷ ಬಂದ ಒಬ್ಬರ ವಿಷಯ ವಿವರವಾಗಿ ಹೇಳುತ್ತೇನೆ. ಬ್ಯಾಂಕಿನಲ್ಲಿ ಕ್ಯಾಶ್ ಕೌಂಟರ್ ಕೆಲಸ, ನಲವತ್ತರ ಒಳಗಿನ ವಯಸ್ಸು. ಬಸ್ಸು ಹತ್ತಿದರೆ ಜೀವ ಹೋದ ಹಾಗಾಗುತ್ತಿತ್ತು. ಡಾಕ್ಟರು ಹೃದಯ, ಥೈರಾಯ್ಡ್, ರಕ್ತ ಎಲ್ಲ ನೋಡಿ ಆತಂಕದ ಕಾಯಿಲೆ ಎಂದು ಮಾತ್ರೆ ಕೊಟ್ಟಿದ್ದರು. ಅದಕ್ಕೆ ಮುಂಚೆ ಬೇರೆ ಕಡೆ ಯೋಗಕ್ಕೆ ಹೋಗಿದ್ದರಂತೆ. ಅಲ್ಲಿ 1:4:2 ಲೆಕ್ಕದ ಕುಂಭಕ ಮಾಡಿಸಿದ್ದಾರೆ. ಉಸಿರು ಕಟ್ಟಿ ಕೂತಲ್ಲೇ ಗಾಬರಿ ಬಂದು, ಚಪ್ಪಲಿ ಕೂಡ ಹಾಕಿಕೊಳ್ಳದೆ ಹೊರಗೆ ಓಡಿದ್ದಾರೆ. "ಸರ್, ಉಸಿರಿನ ಮಾತೇ ಬೇಡ" ಅನ್ನುವುದು ಅವರ ಮೊದಲ ಷರತ್ತು.

ಸರಿ ಎಂದೆ. ಮೊದಲ ವಾರ ಉಸಿರಿನ ಮಾತೇ ಎತ್ತಲಿಲ್ಲ. ನಿಂತುಕೊಂಡು, ಕಣ್ಣು ಬಿಟ್ಟು, ಎರಡೂ ಕೈ ಮೇಲೆತ್ತುವುದು, ನಿಧಾನವಾಗಿ ಇಳಿಸುವುದು. ಇಳಿಸುವ ಹೊತ್ತು ಎತ್ತುವ ಹೊತ್ತಿಗಿಂತ ತುಸು ಉದ್ದ. ಆಮೇಲೆ ಮಾರ್ಜಾಲಾಸನ, ಅದೂ ಅವರದ್ದೇ ವೇಗದಲ್ಲಿ. ಮೈ ಆಡಿದರೆ ಉಸಿರು ತಾನೇ ಅದರ ಹಿಂದೆ ಬರುತ್ತದೆ. ಬಾಗಿಲ ಹತ್ತಿರವೇ ಅವರ ಮ್ಯಾಟ್ ಹಾಕಿಸಿದ್ದೆ, ಯಾವಾಗ ಬೇಕಾದರೂ ಎದ್ದು ಹೋಗಬಹುದು ಅಂತ.

ಎರಡನೇ ವಾರ ಕೈ ಇಳಿಸುವಾಗ ಮೆಲ್ಲಗೆ "ಊ" ಎಂದು ಸದ್ದು ಮಾಡಿಸಿದೆ. ಸದ್ದು ಇರುವಷ್ಟು ಹೊತ್ತೂ ಉಸಿರು ಹೊರಗೇ ಹೋಗುತ್ತಿರುತ್ತದೆ. ಉಸಿರು ಬಿಡುವಾಗ ನಾಡಿ ಬಡಿತ ನಿಧಾನವಾಗುತ್ತದೆ, ಎಳೆಯುವಾಗ ಚುರುಕಾಗುತ್ತದೆ. ಕೈ ಹಿಡಿದು ನೋಡಿದರೆ ಎಷ್ಟೋ ಜನರಲ್ಲಿ ಇದು ಬೆರಳಿಗೇ ಸಿಗುತ್ತದೆ. ರೇಚಕವನ್ನು ಉದ್ದ ಮಾಡುವುದಕ್ಕೆ ಇಷ್ಟು ಕಾರಣ ಸಾಕು. ಪೂರಕದ ಬಗ್ಗೆ ಏನೂ ಹೇಳಬೇಕಾಗಿಲ್ಲ. ಗಾಳಿ ಖಾಲಿಯಾದರೆ ದೇಹ ತಾನೇ ಎಳೆದುಕೊಳ್ಳುತ್ತದೆ.

ನಮ್ಮವರು ಅವಸರ ಮಾಡುವುದು ಇಲ್ಲಿಯೇ. ನಿಮಿಷಕ್ಕೆ ಆರು ಉಸಿರು ಒಳ್ಳೆಯದು ಎಂದು ಎಲ್ಲರೂ ಕೇಳಿದ್ದೇವೆ, ಮಾತು ಸರಿಯೇ. ಆದರೆ ಗಾಬರಿ ಇರುವವರು ನಿಮಿಷಕ್ಕೆ ಹದಿನೆಂಟು ಇಪ್ಪತ್ತು ಸಲ ಉಸಿರಾಡುತ್ತಾ ಬಂದಿರುತ್ತಾರೆ. ಅವರನ್ನು ಒಂದೇ ಏಟಿಗೆ ಆರಕ್ಕೆ ಇಳಿಸಿದರೆ ಉಸಿರುಗಟ್ಟಿದ ಹಾಗಾಗುತ್ತದೆ. ಈ ಮೇಡಂ ಹದಿನೆಂಟರಿಂದ ಹದಿನಾಲ್ಕಕ್ಕೆ ಬರಲು ಎರಡು ವಾರ, ಹತ್ತಕ್ಕೆ ಬರಲು ಇನ್ನೊಂದು ತಿಂಗಳು ಹಿಡಿಯಿತು. ರೇಚಕ ಅತಿಯಾಗಿದೆ ಎಂದು ಗುರುತಿಸುವುದು ಸುಲಭ. ಮುಂದಿನ ಉಸಿರನ್ನು ಬಾಯಲ್ಲಿ ಗಬಕ್ಕನೆ ಎಳೆಯುತ್ತಾರೆ, ಭುಜ ಮೇಲೆ ಹೋಗುತ್ತದೆ, ಪದೇ ಪದೇ ಆಕಳಿಸುತ್ತಾರೆ, ನಿಟ್ಟುಸಿರು ಬಿಡುತ್ತಾರೆ. ಇದರಲ್ಲಿ ಒಂದು ಕಂಡರೂ ಎಣಿಕೆ ಕಡಿಮೆ ಮಾಡಿ. ನಾಲ್ಕು ಎಣಿಸಿ ಎಳೆದು ಆರು ಎಣಿಸಿ ಬಿಡುವುದು ಕೊನೆಗೆ ಮುಟ್ಟುವ ಜಾಗ, ಮೊದಲ ದಿನದ ಪಾಠ ಅಲ್ಲ.

ಎರಡನೇ ತಿಂಗಳಿಗೆ ಭ್ರಾಮರಿ. ಷಣ್ಮುಖಿ ಮುದ್ರೆ ಇಲ್ಲದೆ, ಕಿವಿ ಮುಚ್ಚದೆ. ಇನ್ನೊಬ್ಬರಿಗೆ ಕಿವಿ ಮುಚ್ಚಿಸಿದಾಗ ಒಳಗಿನ ಎದೆಬಡಿತವೇ ಜೋರಾಗಿ ಕೇಳಿ ಅವರು ಬೆವೆತು ಹೋಗಿದ್ದರು. ಆತಂಕದವರು ಮೊದಲೇ ಇಡೀ ದಿನ ಎದೆಗೆ ಕಿವಿ ಕೊಟ್ಟು ಕೂತಿರುತ್ತಾರೆ. ಶವಾಸನವೂ ಹೀಗೇ ಎಷ್ಟೋ ಜನಕ್ಕೆ ಆಗಿ ಬರುವುದಿಲ್ಲ. ಕಣ್ಣು ಮುಚ್ಚಿ ಅಂಗಾತ ಮಲಗಿದ ಕೂಡಲೇ ಯೋಚನೆ ಶುರು. ಅವರನ್ನು ಮಕರಾಸನದಲ್ಲಿ ಬೋರಲು ಮಲಗಿಸುತ್ತೇನೆ, ಇಲ್ಲವೇ ಜಮಖಾನ ಸುರುಳಿ ಸುತ್ತಿ ಬೆನ್ನಿಗೆ ಕೊಟ್ಟು ಒರಗಿಸುತ್ತೇನೆ. ಕಣ್ಣು ಅರ್ಧ ತೆರೆದಿರಲಿ. ಭ್ರಾಮರಿಯ ಸ್ವರ ಎಷ್ಟು ತಗ್ಗಿನಲ್ಲಿ ಇರಬೇಕು ಎಂದು ಒಬ್ಬೊಬ್ಬರಿಗೆ ಗೊತ್ತು ಮಾಡುವುದಕ್ಕೆ ನನ್ನದೊಂದು ದಾರಿ ಇದೆ. ಅದನ್ನು ಇಲ್ಲಿ ಬಿಚ್ಚಿಡುವುದಿಲ್ಲ, ಹೊಟ್ಟೆಪಾಡು ನೋಡಿ.

ಕುಂಭಕ ಇಲ್ಲದ ನಾಡಿಶುದ್ಧಿ ಬಂದದ್ದು ನಾಲ್ಕನೇ ತಿಂಗಳಲ್ಲಿ, ಅದೂ ಐದು ನಿಮಿಷ ಮೀರದಂತೆ. ಅಷ್ಟರಲ್ಲಿ ಅವರು ಹರಿಹರದವರೆಗೆ ಬಸ್ಸಿನಲ್ಲಿ ಹೋಗಿ ಬರಲು ಶುರು ಮಾಡಿದ್ದರು. ಗಾಬರಿ ಪೂರ್ತಿ ಹೋಯಿತಾ? ಇಲ್ಲ. ಬರುತ್ತದೆ, ಬಂದರೆ ಬಾಯಿ ಮುಚ್ಚಿಕೊಂಡೇ ಮೆಲ್ಲಗೆ ಹಮ್ ಮಾಡುತ್ತಾ ಕೂರುತ್ತಾರೆ, ಮುಂದಿನ ಸ್ಟಾಪಿನಲ್ಲಿ ಇಳಿದು ಓಡುವುದಿಲ್ಲ. ಮಾತ್ರೆಯನ್ನು ಡಾಕ್ಟರೇ ಒಂದು ವರ್ಷದ ಮೇಲೆ ನಿಧಾನವಾಗಿ ಕಡಿಮೆ ಮಾಡಿದರು. ಮಾತ್ರೆಯ ವಿಷಯದಲ್ಲಿ ನಾನು ತುಟಿ ಪಿಟಕ್ ಎನ್ನಲಿಲ್ಲ. "ಮೂರು ವಾರ ಪ್ರಾಣಾಯಾಮ ಮಾಡಿ ಮಾತ್ರೆ ಬಿಸಾಕಿ" ಎನ್ನುವ ಶಿಕ್ಷಕರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಕೆಲವು ಮಾತ್ರೆ ಥಟ್ಟನೆ ಬಿಟ್ಟರೆ ಆತಂಕ ಮೊದಲಿಗಿಂತ ಜಾಸ್ತಿಯಾಗಿ ತಿರುಗಿ ಬರುತ್ತದೆ, ಫಿಟ್ಸ್ ಬರುವುದೂ ಉಂಟು.

ಮೂಗಿನ ಹೊಳ್ಳೆಯ ಮಾತು ಕೂಡ ಪರೀಕ್ಷಿಸಿದೆ. ಎಡ ಹೊಳ್ಳೆ ಚಂದ್ರನಾಡಿ, ತಂಪು, ಶಾಂತಿ ಎನ್ನುತ್ತೇವಲ್ಲ. ಒಂದು ತಿಂಗಳು ಕೆಲವರಿಗೆ ಎಡದಲ್ಲಿ, ಕೆಲವರಿಗೆ ಬಲದಲ್ಲಿ ಮಾಡಿಸಿದೆ. ಯಾವುದು ಯಾವ ನಾಡಿ ಎಂದು ಬಾಯಿ ಬಿಡಲಿಲ್ಲ. ಎರಡೂ ಕಡೆಯವರು "ಹಾಯಾಯ್ತು" ಎಂದರು. ಹತ್ತು ಜನರ ಪರೀಕ್ಷೆ ದೊಡ್ಡದೇನೂ ಅಲ್ಲ. ನನ್ನ ಲೆಕ್ಕದಲ್ಲಿ ಕೆಲಸ ಮಾಡಿದ್ದು ನಿಧಾನ, ಹೊಳ್ಳೆ ಅಲ್ಲ.

ಗೆಳೆಯರ ಜೊತೆ ವಾದಕ್ಕೆ ಬಿದ್ದಾಗ ನನ್ನ ಕೈ ಹಿಡಿದದ್ದು ಹಠಯೋಗ ಪ್ರದೀಪಿಕೆ. ಸಿಂಹ, ಆನೆ, ಹುಲಿಯನ್ನು ಮೆಲ್ಲಮೆಲ್ಲನೆ ಪಳಗಿಸುವ ಹಾಗೆ ಉಸಿರನ್ನೂ ಪಳಗಿಸಬೇಕು, ಇಲ್ಲದಿದ್ದರೆ ಅದು ಸಾಧಕನನ್ನೇ ಕೊಲ್ಲುತ್ತದೆ ಎಂದು ಎರಡನೇ ಅಧ್ಯಾಯದಲ್ಲೇ ಇದೆ. ಅದನ್ನು ತೆರೆದು ತೋರಿಸಿದ ಮೇಲೆ ಕುಂಭಕದ ಜಗಳ ನಿಂತಿತು. ವಿಜ್ಞಾನದ ಕಡೆಯಿಂದ ಕೇಳಿದರೆ, ಅಮೆರಿಕದಲ್ಲಿ ಇನ್ನೂರಕ್ಕೂ ಹೆಚ್ಚು ಆತಂಕದ ರೋಗಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನ ನೋಡಿ. ಮೂರು ತಿಂಗಳು ಕುಂಡಲಿನಿ ಯೋಗ ಮಾಡಿದವರಲ್ಲಿ ಅರ್ಧಕ್ಕಿಂತ ತುಸು ಜಾಸ್ತಿ ಜನ ಸುಧಾರಿಸಿದರು. ಸಿಬಿಟಿ ಎನ್ನುವ ಮಾತಿನ ಚಿಕಿತ್ಸೆ ಪಡೆದವರಲ್ಲಿ ಸುಮಾರು ಶೇಕಡಾ 70. ಬರೀ ಒತ್ತಡದ ಬಗ್ಗೆ ಪಾಠ ಕೇಳಿದವರಲ್ಲಿ ಮೂರರಲ್ಲಿ ಒಂದು ಪಾಲು. ಆರು ತಿಂಗಳಾದ ಮೇಲೆ ಯೋಗದವರಿಗೂ ಪಾಠದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಉಳಿಯಲಿಲ್ಲ. ಯೋಗ ಕೆಲಸ ಮಾಡುತ್ತದೆ, ಆದರೆ ಎಲ್ಲರಿಗೂ ಅಲ್ಲ, ಎಲ್ಲಕ್ಕಿಂತ ಜಾಸ್ತಿಯೂ ಅಲ್ಲ. ಇದನ್ನು ಸೇರುವ ದಿನವೇ ಹೇಳುತ್ತೇನೆ. ಫೀಸು ಹೋದರೆ ಹೋಗಲಿ.

ಈಗ ಸಂಜೆ ಬ್ಯಾಚಿನಲ್ಲಿ ಹದಿನೈದು ಜನರ ಮೇಲೆ ಸೇರಿಸುವುದಿಲ್ಲ. ಫೀಸು ಸಾವಿರದ ಇನ್ನೂರು, ಬಾಡಿಗೆ ಕಳೆದು ಸ್ವಲ್ಪ ಉಳಿಯುತ್ತದೆ. ಹೊಸಬರಿಗೆ ಮೊದಲು ಡಾಕ್ಟರ ಹತ್ತಿರ ಥೈರಾಯ್ಡ್ ಮತ್ತು ಹಿಮೋಗ್ಲೋಬಿನ್ ನೋಡಿಸಿಕೊಂಡು ಬನ್ನಿ ಎನ್ನುತ್ತೇನೆ. ಅದರಲ್ಲೇ ಕಾರಣ ಸಿಕ್ಕಿ ವಾಪಸ್ ಹೋದವರೂ ಇದ್ದಾರೆ. ಎದೆನೋವು ಅಂದರೆ ಸೇರಿಸಿಕೊಳ್ಳುವ ಮಾತೇ ಇಲ್ಲ, ಮೊದಲು ಆಸ್ಪತ್ರೆ. ನಿದ್ದೆ ಪೂರ್ತಿ ಕೆಟ್ಟವರನ್ನು, ಬದುಕೇ ಬೇಡ ಎನ್ನುವವರನ್ನು ಮ್ಯಾಟ್ ಮೇಲೆ ಕೂರಿಸುವುದಿಲ್ಲ. ಅಲ್ಲೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಹಚ್ಚಿ ಕೊಡುತ್ತೇನೆ, ಮನೆಯವರು ಬರುವವರೆಗೆ ಜೊತೆಗೆ ಕೂರುತ್ತೇನೆ. ಆ ದಿನದ ಕ್ಲಾಸನ್ನು ಹಳೆಯ ವಿದ್ಯಾರ್ಥಿಯೊಬ್ಬರು ನಡೆಸುತ್ತಾರೆ.