ಕೋನದ ಲೆಕ್ಕವನ್ನು ಚಿತ್ರದ ಮೇಲೆಯೇ ಬಿಡಿಸಿದ್ದು

ಪೀಣ್ಯದ ಕಡೆಯ ಒಂದು ಪ್ರೌಢಶಾಲೆಯಲ್ಲಿ ನಾನು ಗಣಿತ ಹೇಳಿಕೊಡುತ್ತೇನೆ. ಒಂಬತ್ತನೇ ತರಗತಿಯ ಸಮಾಂತರ ರೇಖೆಗಳ ಪಾಠಕ್ಕೆ ಬಿಡಿಸಿದ ಲೆಕ್ಕಗಳ ಹಾಳೆ ಹೇಗೆ ಮಾಡಿಕೊಂಡೆ ಅಂತ ಬರೆಯುತ್ತಿದ್ದೇನೆ.

ಲೆಕ್ಕ ಇದು. PQR ತ್ರಿಭುಜ. P ಮೂಲಕ QR ಗೆ ಸಮಾಂತರವಾಗಿ XY ಎಳೆದಿದೆ, X ಎಡಕ್ಕೆ, Y ಬಲಕ್ಕೆ. ∠XPQ = 50°, ∠PRQ = 60°. ∠QPR ಎಷ್ಟು? ಪರ್ಯಾಯ ಕೋನದಿಂದ ∠YPR = 60°. P ಬಳಿಯ ಮೂರು ಕೋನಗಳ ಮೊತ್ತ 180°. ಹಾಗಾಗಿ ಉತ್ತರ 70°.

ನಮಗೆ ಇದು ಮೂರೇ ಸಾಲು. ಮೊದಲ ಸಲ ನೋಡುವ ಮಗುವಿಗೆ ಹಾಗಲ್ಲ. ಬೋರ್ಡಿನಲ್ಲಿ ಚಿತ್ರ ಮೇಲಿರುತ್ತದೆ, ಸಾಲುಗಳು ಕೆಳಗಿರುತ್ತವೆ. ‘∠YPR’ ಅಂತ ಓದಿ, ಮೂರು ಅಕ್ಷರ ನೆನಪಿಟ್ಟುಕೊಂಡು, ಚಿತ್ರದಲ್ಲಿ ಆ ಕೋನ ಹುಡುಕಿ, ಮತ್ತೆ ಕೆಳಗೆ ಬರುವಷ್ಟರಲ್ಲಿ ಯಾವ ಸಾಲಿನಲ್ಲಿದ್ದೆ ಅನ್ನೋದೇ ಮರೆತಿರುತ್ತದೆ. ಯೋಚಿಸುವಾಗ ತಲೆಯಲ್ಲಿ ಹಿಡಿದಿಟ್ಟುಕೊಳ್ಳುವ ನೆನಪು, ಅಂದರೆ ವರ್ಕಿಂಗ್ ಮೆಮೊರಿಯಲ್ಲಿ ಒಮ್ಮೆಗೆ ಹಿಡಿಯುವುದು ಕೆಲವೇ ಸಂಗತಿ. ಆಸ್ಟ್ರೇಲಿಯಾದ ಮನಃಶಾಸ್ತ್ರಜ್ಞ ಜಾನ್ ಸ್ವೆಲ್ಲರ್ 1980ರ ದಶಕದಲ್ಲಿ, ಕಲಿಯುವಾಗ ಮನಸ್ಸಿನ ಮೇಲೆ ಬೀಳುವ ಹೊರೆಯ ಬಗ್ಗೆ ಹೇಳುವ ಕಾಗ್ನಿಟಿವ್ ಲೋಡ್ ಥಿಯರಿಯನ್ನು ಕಟ್ಟಿದ್ದು ಈ ಮಿತಿಯ ಮೇಲೆಯೇ. ಬಿಡಿಸಿದ ಲೆಕ್ಕ ಕೊಟ್ಟರೆ ಹೊಸಬರಿಗೆ ಹೊರೆ ಇಳಿಯುತ್ತದೆ ನಿಜ. ಆದರೆ ಚಿತ್ರ ಒಂದು ಕಡೆ, ವಿವರಣೆ ಇನ್ನೊಂದು ಕಡೆ ಇದ್ದರೆ ಆ ಲಾಭ ಅಲ್ಲೇ ಸೋರಿಹೋಗುತ್ತದೆ. ರೇಖಾಗಣಿತದಲ್ಲಿ ಇದು ಜಾಸ್ತಿ.

ಅದಕ್ಕೆ ಸಾಲುಗಳನ್ನು ಚಿತ್ರದೊಳಗೇ ತಂದೆ. ಅರ್ಧ ಹಾಳೆ ತುಂಬುವಷ್ಟು ದೊಡ್ಡ ಚಿತ್ರ. ∠YPR ಜಾಗದಲ್ಲೇ ಸುತ್ತು ಹಾಕಿದ 1, ‘60°, ಪರ್ಯಾಯ ಕೋನ’. ∠QPR ಜಾಗದಲ್ಲಿ ಸುತ್ತು ಹಾಕಿದ 2, ‘180 − 50 − 60 = 70’. ಕೆಳಗೆ ಅದನ್ನೇ ವಾಕ್ಯದಲ್ಲಿ ಮತ್ತೆ ಬರೆಯಲಿಲ್ಲ. ಎರಡೂ ಇದ್ದರೆ ಮಕ್ಕಳು ಎರಡನ್ನೂ ಓದಿ ಹೊಂದಿಸಿ ನೋಡುತ್ತಾರೆ, ಅದೂ ಹೊರೆಯೇ. ಪರೀಕ್ಷೆಗೆ ಬೇಕಾದ ಸಾಲುಸಾಲು ಬರವಣಿಗೆ ಆಮೇಲೆ, ಲೆಕ್ಕ ಕೈಗೆ ಬಂದಮೇಲೆ.

ನಮ್ಮ ತರಗತಿಯಲ್ಲಿ ಮನೆಮಾತು ತಮಿಳು, ತೆಲುಗು, ಉರ್ದು ಆಗಿರುವವರು ಬಹಳ. ‘ಪರ್ಯಾಯ’, ‘ಅನುರೂಪ’ ಅನ್ನೋ ಮಾತು ಕನ್ನಡದ ಮನೆಯ ಮಕ್ಕಳಿಗೂ ಹೊಸದೇ. ಆದ್ದರಿಂದ ಹಿಂದಿನ ದಿನವೇ ಬರೀ ಕೋನ ಗುರುತಿಸಿ ಹೆಸರು ಹೇಳುವ ಆಟ ಆಡಿಸುತ್ತೇನೆ, ಲೆಕ್ಕ ಇಲ್ಲ. ಹೆಸರು ಮತ್ತು ಲೆಕ್ಕ ಒಂದೇ ದಿನ ಬಂದರೆ ಎರಡೂ ನಿಲ್ಲುವುದಿಲ್ಲ.

ಬಿಡಿಸಿದ ಲೆಕ್ಕವನ್ನು ಸುಮ್ನೆ ನೋಡಿ ‘ಅರ್ಥ ಆಯ್ತು ಮಿಸ್’ ಅನ್ನುವುದು ಸುಲಭ. ಹಾಗಾಗಿ ಪ್ರತಿ ಉದಾಹರಣೆಯ ಪಕ್ಕದಲ್ಲೇ ಅದೇ ಜಾತಿಯ ಒಂದು ಲೆಕ್ಕ ಇರುತ್ತದೆ. ಚಿತ್ರ ತಿರುಗಿಸಿ, ಅಂಕಿ ಬದಲಿಸಿ ಕೊಡುತ್ತೇನೆ. ಉದಾಹರಣೆ ಓದಿದ ಕೂಡಲೇ ಅದನ್ನು ಮಾಡಬೇಕು.

ಇಲ್ಲಿ ಒಂದು ಮೋಸ ಅಡಗಿದೆ. ಮೇಲಿನ ಲೆಕ್ಕದಲ್ಲಿ ಕೊಟ್ಟ ಎರಡು ಅಂಕಿಗಳನ್ನು 180ರಿಂದ ಕಳೆದರೆ ಉತ್ತರ ಬಂದುಬಿಡುತ್ತದೆ! ಪರ್ಯಾಯ ಕೋನ ಗೊತ್ತಿಲ್ಲದಿದ್ದರೂ ನಡೆಯುತ್ತದೆ. ಜೋಡಿ ಲೆಕ್ಕ ಎಲ್ಲರಿಗೂ ಸರಿ ಬಂದರೂ ಅದರಿಂದ ಏನೂ ತಿಳಿಯುವುದಿಲ್ಲ. ಅದಕ್ಕೆ ಮೂರನೆಯದಾಗಿ ಒಂದು ತಪಾಸಣೆ ಲೆಕ್ಕ ಸೇರಿಸಿದೆ. QR ಅನ್ನು S ವರೆಗೆ ಮುಂದುವರಿಸಿ, ∠XPQ = 45°, ∠PRS = 125° ಎಂದು ಕೊಡುತ್ತೇನೆ. ಸರಳಯುಗ್ಮ ಅವರಿಗೆ ಮೊದಲೇ ಗೊತ್ತು. ∠PRQ = 55°, ∠YPR ಕೂಡ 55°, ಉತ್ತರ 80°. ಯಾರು 10° ಅಂತ ಬರೆದರೋ ಅವರು ಚಿತ್ರ ನೋಡಿಲ್ಲ, ಕೊಟ್ಟ ಅಂಕಿಗಳನ್ನು ಕಳೆದಿದ್ದಾರೆ ಅಷ್ಟೇ. ಬೆಂಚುಗಳ ಮಧ್ಯೆ ಓಡಾಡಿದರೆ ಒಂದು ನೋಟಕ್ಕೆ ಗೊತ್ತಾಗುತ್ತದೆ. ಐವತ್ತು ಮಕ್ಕಳ ತರಗತಿಯಲ್ಲಿ ಇದಕ್ಕಿಂತ ಬೇಗ ತಿಳಿಯುವ ದಾರಿ ನನಗೆ ಸಿಕ್ಕಿಲ್ಲ. 10° ಬರೆದವರಿಗೆ ಉತ್ತರ ಹೇಳುವುದಿಲ್ಲ. ‘125 ಚಿತ್ರದಲ್ಲಿ ಎಲ್ಲಿದೆ, ಬೆರಳಿಡು’ ಅನ್ನುತ್ತೇನೆ.

ಮುಂದಿನ ಹಾಳೆಗಳಲ್ಲಿ ಹಂತಗಳನ್ನು ಹಿಂದಿನಿಂದ ಖಾಲಿ ಬಿಡುತ್ತಾ ಹೋಗುತ್ತೇನೆ. ಮೊದಲು ಕೊನೆಯ ಹಂತ ಮಾತ್ರ ಖಾಲಿ, ಆಮೇಲೆ ಕೊನೆಯ ಎರಡು, ಕೊನೆಗೆ ಪೂರ್ತಿ. ಕೊನೆಯ ಹಂತದ ಹೊತ್ತಿಗೆ ಬೇಕಾದ ಕೋನಗಳೆಲ್ಲ ಕಣ್ಣ ಮುಂದೆ ಇರುತ್ತವೆ, ಹಾಗಾಗಿ ಅಲ್ಲಿಂದ ಶುರು ಮಾಡುವುದು ಹಗುರ.

ಟ್ಯೂಷನ್‌ನಲ್ಲಿ ಪಾಠ ಮುಗಿಸಿ ಬಂದವರಿಗೆ ಮಾತ್ರ ಇದೇ ಹಾಳೆ ಅಡ್ಡಿ. ಬಲ್ಲವರಿಗೆ ಬಿಡಿಸಿದ ಲೆಕ್ಕ ಓದಿಸಿದರೆ ಕಲಿಕೆ ನಿಧಾನವಾಗುತ್ತದೆ ಅನ್ನುವುದು ಸ್ಲಾವಾ ಕಲ್ಯುಗಾ ಮತ್ತು ಸ್ವೆಲ್ಲರ್ ಅವರ ಸಂಶೋಧನೆಯಲ್ಲೂ ಕಂಡಿದೆ. ಇಂಥ ಮಕ್ಕಳನ್ನು ಬೇರ್ಪಡಿಸಲು ಒಂದು ಹೊಸ ಚಿತ್ರ ತೋರಿಸಿ ‘ಮೊದಲ ಹಂತ ಯಾವುದು?’ ಅಂತಷ್ಟೇ ಕೇಳುತ್ತೇನೆ. ತಡವರಿಸದೆ ಹೇಳಿದರೆ ಹಾಳೆ ವಾಪಸ್ ತೆಗೆದುಕೊಂಡು ನೇರ ಲೆಕ್ಕ ಕೊಡುತ್ತೇನೆ.

ಈ ಹಾಳೆಗಳಿಂದ ಆಗದ ಕೆಲಸವೂ ಇದೆ. ಯಾವ ಲೆಕ್ಕಕ್ಕೆ ಪರ್ಯಾಯ ಕೋನ, ಯಾವುದಕ್ಕೆ ಅನುರೂಪ ಕೋನ ಅಂತ ಆರಿಸುವುದು ಇದರಿಂದ ಬರುವುದಿಲ್ಲ. ಒಂದು ಹಾಳೆಯಲ್ಲಿ ಒಂದೇ ಜಾತಿಯ ಲೆಕ್ಕ ಇರುತ್ತದಲ್ವಾ, ಆರಿಸುವ ಪ್ರಶ್ನೆಯೇ ಏಳುವುದಿಲ್ಲ. ಅದಕ್ಕೆ ವಾರದ ಕೊನೆಗೆ ಹೆಸರು ಹೇಳದೆ ಎಲ್ಲ ಜಾತಿಯ ಚಿತ್ರಗಳನ್ನೂ ಬೆರೆಸಿದ ಬೇರೆ ಹಾಳೆ ಕೊಡುತ್ತೇನೆ. ಅದರಲ್ಲಿ ಬಿಡಿಸಿದ್ದು ಒಂದೂ ಇರುವುದಿಲ್ಲ.